ಮಾರ್ಚ್‌ಗೆ ಮುಗಿಯುವ ಗ್ರಾಹಕ

ಆನ್‌ಲೈನ್ ಟ್ಯೂಷನ್ ನಡೆಸುವವರು ಹೂಡಿಕೆದಾರರ ಮುಂದೆ ಕೂತಾಗ ಎರಡು ಅಂಕಿಗಳನ್ನು ಇಟ್ಟೇ ಇಡುತ್ತಾರೆ. ಒಬ್ಬ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಆದ ಖರ್ಚು ಒಂದು. ಅದನ್ನು ಸಿಎಸಿ ಎನ್ನುತ್ತಾರೆ. ಆ ವಿದ್ಯಾರ್ಥಿ ಬಿಟ್ಟುಹೋಗುವವರೆಗೆ ಕೈಗೆ ಬರುವ ಹಣ ಇನ್ನೊಂದು, ಅದು ಎಲ್‌ಟಿವಿ. ಎರಡನೆಯದು ಮೊದಲನೆಯದರ ಮೂರು ಪಟ್ಟು ಇರಬೇಕು ಎಂಬುದು ಆ ವಲಯದ ರೂಢಿಯ ಮಾತು. ಮೂರು ಪಟ್ಟು ತೋರಿಸುವುದು ಕಷ್ಟವಲ್ಲ. ಯಾವ ಖರ್ಚನ್ನು ಸೇರಿಸಿದಿರಿ, ಯಾವುದನ್ನು ಬಿಟ್ಟಿರಿ ಎಂಬುದರಲ್ಲೇ ಎಲ್ಲ ಇದೆ.

ಬೆಂಗಳೂರಿನಲ್ಲಿ ಹತ್ತನೇ ತರಗತಿಯ ಗಣಿತ, ವಿಜ್ಞಾನ ಹೇಳಿಕೊಡುವ ಒಂದು ಸಣ್ಣ ಸಂಸ್ಥೆಯನ್ನು ಕಲ್ಪಿಸಿಕೊಳ್ಳೋಣ. ತಿಂಗಳ ಶುಲ್ಕ 1,180 ರೂಪಾಯಿ. ಅದರಲ್ಲಿ 180 ರೂಪಾಯಿ ಜಿಎಸ್‌ಟಿ. ಖಾಸಗಿ ಕೋಚಿಂಗ್‌ಗೆ ಶೇ 18ರ ತೆರಿಗೆ ಇದೆ. ಉಳಿದ ಸಾವಿರದಲ್ಲಿ ಶಿಕ್ಷಕರ ಸಂಬಳದ ಪಾಲು, ಪಾವತಿ ಕಂಪನಿಯ ಕಮಿಷನ್, ಸಂಜೆ ಡೌಟ್ ಬಗೆಹರಿಸುವವರ ಸಂಭಾವನೆ ಎಲ್ಲ ಸೇರಿ 550 ರೂಪಾಯಿ ಹೋಗುತ್ತದೆ. ಒಂದು ಮಗುವಿನಿಂದ ತಿಂಗಳಿಗೆ ನಿಜಕ್ಕೂ ಉಳಿಯುವುದು 450 ರೂಪಾಯಿ.

ಜೂನ್ ತಿಂಗಳಲ್ಲಿ ಸಂಸ್ಥೆ ಮೊಬೈಲ್ ಜಾಹೀರಾತಿಗೆ ಎರಡು ಲಕ್ಷ ಸುರಿಯುತ್ತದೆ. ಸಾವಿರ ಪೋಷಕರು ಫೋನ್ ನಂಬರ್ ಕೊಡುತ್ತಾರೆ, 250 ಮಕ್ಕಳು ಉಚಿತ ಡೆಮೊ ಕ್ಲಾಸಿಗೆ ಬರುತ್ತಾರೆ, 50 ಮಂದಿ ಹಣ ಕಟ್ಟುತ್ತಾರೆ. ತಲೆಗೆ 4,000 ರೂಪಾಯಿ. ಆದರೆ ಆ ಸಾವಿರ ಮನೆಗಳಿಗೆ ಫೋನ್ ಮಾಡಿದ ಟೆಲಿಕಾಲರ್‌ಗಳ ಸಂಬಳ 80 ಸಾವಿರ, ಡೆಮೊ ಕ್ಲಾಸ್ ತೆಗೆದುಕೊಂಡ ಶಿಕ್ಷಕರಿಗೆ ಕೊಟ್ಟದ್ದು 20 ಸಾವಿರ. ಡೆಮೊಗೆ ಬಂದು ಸೇರದೆ ಹೋದ 200 ಮಕ್ಕಳ ಖರ್ಚನ್ನೂ ಸೇರಿದ 50 ಮಕ್ಕಳೇ ಹೊರಬೇಕಲ್ಲ! ಹಾಗಾಗಿ ನಿಜವಾದ ಸಿಎಸಿ 6,000 ರೂಪಾಯಿ.

ಇನ್ನು ಎಲ್‌ಟಿವಿ. ಪುಸ್ತಕದ ಸೂತ್ರ ಸರಳ: ತಿಂಗಳಿಗೆ ನೂರರಲ್ಲಿ ಹತ್ತು ಮಂದಿ ಬಿಟ್ಟರೆ ಸರಾಸರಿ ಗ್ರಾಹಕ ಹತ್ತು ತಿಂಗಳು ಇರುತ್ತಾನೆ. ನಮ್ಮ ಸಂಸ್ಥೆಯಲ್ಲಿ ಜೂನ್‌ನ 50 ಮಂದಿ ಜುಲೈಗೆ 40 ಆಗುತ್ತಾರೆ, ಆಗಸ್ಟ್‌ಗೆ 36, ಸೆಪ್ಟೆಂಬರ್‌ಗೆ 34, ಅಕ್ಟೋಬರ್‌ಗೆ 33. ತಿಂಗಳಿಗೆ ಸುಮಾರು ಶೇ 10 ಇಳಿಕೆ. ಸೂತ್ರದ ಪ್ರಕಾರ ಹತ್ತು ತಿಂಗಳು, ತಿಂಗಳಿಗೆ ಸಾವಿರದಂತೆ 10,000 ರೂಪಾಯಿ. ಅದನ್ನು ಬರೀ ಜಾಹೀರಾತಿನ 4,000ಕ್ಕೆ ಭಾಗಿಸಿದರೆ ಎರಡೂವರೆ ಪಟ್ಟು. ನೋಡಲು ಪರವಾಗಿಲ್ಲ ಅನಿಸುತ್ತದೆ.

ಆದರೆ ಜೂನ್‌ನಿಂದ ಮಾರ್ಚ್‌ಗೆ ಇರುವುದೇ ಹತ್ತು ತಿಂಗಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಆ ಹುಡುಗ ಎಷ್ಟೇ ಖುಷಿಯಾಗಿದ್ದರೂ ಹತ್ತನೇ ಕ್ಲಾಸಿನ ಟ್ಯೂಷನ್‌ಗೆ ಹಣ ಕಟ್ಟುವುದಿಲ್ಲ. ಅಂದರೆ ಸೂತ್ರ ಸರಾಸರಿ ಎಂದು ಕೊಟ್ಟದ್ದು ವಾಸ್ತವದಲ್ಲಿ ಗರಿಷ್ಠ ಮಿತಿ. ಲೆಕ್ಕವನ್ನು ಫೆಬ್ರುವರಿಯಲ್ಲಿ ಮಾಡಿದರಂತೂ ತಮಾಷೆ. ಪರೀಕ್ಷೆ ಹತ್ತಿರವಿದ್ದಾಗ ಯಾರೂ ಬಿಡುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ 33 ಮಂದಿ 29ಕ್ಕೆ ಇಳಿದಿರುತ್ತಾರೆ ಅಷ್ಟೆ, ತಿಂಗಳಿಗೆ ಶೇ 3. ಅದೇ ಸೂತ್ರ ಈಗ ಆಯಸ್ಸು 33 ತಿಂಗಳು ಎನ್ನುತ್ತದೆ, ಮುಂದಿನ ತಿಂಗಳೇ ಎಲ್ಲರೂ ಹೊರಡಲಿರುವಾಗ!

ಸೂತ್ರ ಬಿಟ್ಟು ಹಾಜರಿ ಪುಸ್ತಕದಂತೆ ಎಣಿಸುವುದು ಮೇಲು. ಜೂನ್ ಬ್ಯಾಚ್‌ನಿಂದ ಮಾರ್ಚ್‌ವರೆಗೆ ಬಂದ ಮಾಸಿಕ ಪಾವತಿಗಳನ್ನು ಕೂಡಿದರೆ 340. ತಲೆಗೆ 6.8 ತಿಂಗಳು, 450ರಂತೆ 3,060 ರೂಪಾಯಿ. ಖರ್ಚು 6,000. ಒಂದು ಮಗುವೂ ಬಿಡದೆ ಉಳಿದಿದ್ದರೂ ಬರುತ್ತಿದ್ದುದು 4,500 ಮಾತ್ರ. ಇಲ್ಲಿ ಪಾಠದ ಗುಣಮಟ್ಟ ಹೆಚ್ಚಿಸಿ ಪಾರಾಗಲು ಸಾಧ್ಯವಿಲ್ಲ. ಜಾಹೀರಾತಿಗೆ ಹೆಚ್ಚು ಸುರಿದಷ್ಟೂ ನಷ್ಟ ಹೆಚ್ಚುತ್ತದೆ.

ವರ್ಷದ ಶುಲ್ಕ ಮುಂಗಡ ವಸೂಲು ಮಾಡಿದರೆ ಈ ನಷ್ಟ ಕೆಲಕಾಲ ಕಾಣುವುದಿಲ್ಲ. ಬ್ಯಾಂಕಿನಲ್ಲಿ ಹಣವಿರುತ್ತದೆ, ಆದರೆ ಪಾಠ ಇನ್ನೂ ಬಾಕಿ. ಬೈಜೂಸ್‌ನ 2020-21ರ ಲೆಕ್ಕಪತ್ರ ತಡವಾಗಿ 2022ರಲ್ಲಿ ಹೊರಬಂದಾಗ ಆದಾಯ ಸುಮಾರು 2,428 ಕೋಟಿ, ನಷ್ಟ ಸುಮಾರು 4,588 ಕೋಟಿ ರೂಪಾಯಿ ಇತ್ತು. ಆ ವರ್ಷ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಮ ಬದಲಾಗಿ, ಒಂದಷ್ಟು ಮೊತ್ತ ಮುಂದಿನ ವರ್ಷಗಳಿಗೆ ಹೋದದ್ದೂ ಇದಕ್ಕೆ ಒಂದು ಕಾರಣ ಎಂದು ಕಂಪನಿ ಹೇಳಿತು.

ನಮ್ಮ ಸಣ್ಣ ಸಂಸ್ಥೆಗೆ ದಾರಿಗಳಿವೆ. ಎಂಟನೇ ತರಗತಿಯಿಂದಲೇ ಮಕ್ಕಳನ್ನು ಸೇರಿಸಿಕೊಂಡರೆ ಮೂರು ಶೈಕ್ಷಣಿಕ ವರ್ಷ ಸಿಗುತ್ತದೆ. ಆದರೆ ಪ್ರತಿ ಬೇಸಿಗೆ ರಜೆಯ ನಂತರ ಎಷ್ಟು ಮಕ್ಕಳು ಮರಳಿದರು ಎಂಬುದನ್ನು ಬೇರೆಯೇ ಬರೆದಿಡಬೇಕು, ಏಕೆಂದರೆ ದೊಡ್ಡ ಕುಸಿತ ಅಲ್ಲೇ ಆಗುವುದು. ಇನ್ನೊಂದು ದಾರಿ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪು. ಅಲ್ಲಿಂದ 25 ಮಕ್ಕಳು ಖರ್ಚಿಲ್ಲದೆ ಬಂದರೆ ಸರಾಸರಿ ಸಿಎಸಿ 4,000ಕ್ಕೆ ಇಳಿಯುತ್ತದೆ. ಅದನ್ನು ನೋಡಿ ಜಾಹೀರಾತಿನ ಬಜೆಟ್ ಏರಿಸುವವರೇ ಹೆಚ್ಚು. ಹಾಗೆ ಬರುವ ಮುಂದಿನ ಮಗುವಿಗೆ ಆಗುವ ಖರ್ಚು ಮಾತ್ರ ಇನ್ನೂ 6,000 ರೂಪಾಯಿಯೇ.