ಸೋದರತ್ತೆಯ ಬಾಯಲ್ಲಿ ಅತ್ತಿಮಬ್ಬೆ

ಉತ್ತರ ಕರ್ನಾಟಕದ ತೊಟ್ಟಿಲ ಕಾರ್ಯಕ್ರಮದಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು. ಐದು ಜನ ಮುತ್ತೈದೆಯರು ಕೂಸನ್ನು ತೊಟ್ಟಿಲ ಕೆಳಗಿನಿಂದ ಈ ಕಡೆಗೂ ಮೇಲಿನಿಂದ ಆ ಕಡೆಗೂ ದಾಟಿಸಿ ಮಲಗಿಸುತ್ತಾರೆ. ಅತ್ತೆ ಬಾಗಿ, ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ. ಅಷ್ಟರಲ್ಲಿ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ. ಆಮೇಲೆ ಜೋಗುಳ, ಗುಗ್ಗರಿ, ಅತ್ತೆಗೆ ಸೀರೆ. ಹಿಂದೆಲ್ಲ ಶಾಸ್ತ್ರ ಇಲ್ಲಿಗೆ ಮುಗಿಯುತ್ತಿತ್ತು. ಈ ಹೆಸರು ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ತೀರಿಹೋದ ಅಜ್ಜನದೋ ಅಜ್ಜಿಯದೋ ಹೆಸರು ಕೂಸಿಗೆ ಬರುತ್ತಿತ್ತು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಎತ್ತುವಂತಿರಲಿಲ್ಲವಾದ್ದರಿಂದ ಮಗನನ್ನೇ 'ಅಜ್ಜಪ್ಪ' ಎಂದು ಕರೆದು ಬದುಕು ಸಾಗಿಸುತ್ತಿದ್ದಳು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ತಿಪ್ಪೆಯ ಮೇಲೆ ಹೊರಳಾಡಿಸಿ ತಿಪ್ಪಣ್ಣ ಎಂದೋ, ಕಲ್ಲಿನಂತೆ ಗಟ್ಟಿಯಾಗಿರಲೆಂದು ಕಲ್ಲಪ್ಪ ಎಂದೋ ಇಡುತ್ತಿದ್ದರು. ಆ ಹೆಸರುಗಳ ಹಿಂದಿನ ಆಸೆ ಇಡೀ ಓಣಿಗೆ ಗೊತ್ತಿತ್ತು, ಭಾಷಣ ಬೇಕಾಗಿರಲಿಲ್ಲ.

ಈಗ ಹೆಸರುಗಳು ಮೊಬೈಲಿನಿಂದ ಬರುತ್ತವೆ, ಅರ್ಥವೂ ಅಲ್ಲಿಂದಲೇ ಬರುತ್ತದೆ. ಹಾಗಾಗಿ ಕೂಸಿನ ಅಪ್ಪನೋ ಅತ್ತೆಯೋ ಮೈಕು ಹಿಡಿದು ಎರಡು ಮಾತು ಹೇಳುವ ರೂಢಿ ಬೆಳೆದಿದೆ. ಬಹಳಷ್ಟು ಕಡೆ ಆ ಮಾತು 'ಸಂಸ್ಕೃತದಲ್ಲಿ ಇದಕ್ಕೆ ಬೆಳಕು ಎಂದರ್ಥ' ಎನ್ನುವಲ್ಲಿಗೆ ನಿಂತುಬಿಡುತ್ತದೆ. ಬೆಳಕು ಎಂಬ ಅರ್ಥದ ಹೆಸರುಗಳು ನೂರಿವೆ. ಈ ಮನೆಯವರು ಈ ಕೂಸಿಗೆ ಇದನ್ನೇ ಯಾಕೆ ಆರಿಸಿದರು ಎಂಬುದು ಅದರಿಂದ ತಿಳಿಯುವುದಿಲ್ಲ. ಅರ್ಥಕ್ಕಿಂತ ಹೆಚ್ಚಾಗಿ ಆ ಹೆಸರಿನ ಯಾರೋ ಒಬ್ಬರು ಮಾಡಿದ ಕೆಲಸವೊಂದನ್ನು ಹೇಳಬೇಕು ಎಂದು ನಾನು ನಂಬಿದ್ದೇನೆ. ನನ್ನ ತಮ್ಮನ ಮಗಳ ತೊಟ್ಟಿಲಿಗೆ ಗದಗಿಗೆ ಹೋದಾಗ ಆ ಅವಕಾಶ ನನಗೇ ಬಂತು.

ತಮ್ಮ, ಅವನ ಹೆಂಡತಿ ಇಬ್ಬರೂ ಸೇರಿ ಆರಿಸಿದ ಹೆಸರು ಅತ್ತಿಮಬ್ಬೆ. ಹತ್ತಿರದ ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದವಳು ಅವಳೇ. ಬಸುರಿಯಾಗಿದ್ದಾಗ ಅಲ್ಲಿಗೆ ಹೋಗಿ ಬಂದ ಮೇಲೆ ನನ್ನ ನಾದಿನಿಯ ಮನಸ್ಸಿನಲ್ಲಿ ಆ ಹೆಸರು ಕೂತಿತ್ತು. ಆದರೆ ತೊಟ್ಟಿಲಿನ ಹಿಂದಿನ ದಿನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, "ಗಂಡ ಸತ್ತಾಕಿ ಹೆಸರು ಕೂಸಿಗೆ ಯಾಕ ಇಡ್ತೀರವ್ವಾ?" ಎಂದು ಕೇಳಿದರು. ಅವರ ಕಳವಳ ಸುಳ್ಳಲ್ಲ. ಶುಭ ಕಾರ್ಯದಲ್ಲಿ ಅಂಥ ಮಾತು ಎತ್ತಬಾರದು ಎಂದು ಇನ್ನು ಕೆಲವರು ಹೇಳಿದರು. ಎತ್ತದೆ ಬಿಟ್ಟರೆ ನಾಳೆ ಅದೇ ಮಾತು ಕೂಸಿನ ಬೆನ್ನ ಹಿಂದೆ ಓಡಾಡುತ್ತದೆ ಎಂದು ನನಗನ್ನಿಸಿತು. ಆದ್ದರಿಂದ ಭಾಷಣದ ನಡುಭಾಗವನ್ನೇ ಅದಕ್ಕೆ ಮೀಸಲಿಟ್ಟೆ.

ಕಿವಿಯಲ್ಲಿ ಹೇಳುವ ಮೊದಲು ಹೆಸರು ಹೊರಗೆ ಬೀಳಬಾರದು, ಹಾಗಾಗಿ ಭಾಷಣ ಶಾಸ್ತ್ರದ ನಂತರವೇ. ಕೂಸು ಎಚ್ಚರವಾಗಿ ಅಳುವ ಮುಂಚೆ, ಜನ ಊಟಕ್ಕೆ ಏಳುವ ಮುಂಚೆ ಮುಗಿಯಬೇಕು. ಐದು ನಿಮಿಷ ಸಾಕು. ಬಂಧುಗಳ ಹೆಸರು ಹೇಳಿ ವಂದಿಸುತ್ತ ಹೋದರೆ ಆ ಐದು ನಿಮಿಷವೂ ಅದರಲ್ಲೇ ಕಳೆಯುತ್ತದೆ, ಬಿಟ್ಟುಹೋದವರು ಮುನಿಸಿಕೊಳ್ಳುತ್ತಾರೆ. ನಾನು ನೇರವಾಗಿ ವಿಷಯಕ್ಕೆ ಬಂದೆ.

"ನಮ್ಮ ಕೂಸಿನ ಹೆಸರು ಅತ್ತಿಮಬ್ಬೆ. ಇದು ಸಾವಿರ ವರ್ಷದ ಹಿಂದಿನ ಹೆಸರು. ಆಕೆಯ ತಂದೆ ಮಲ್ಲಪಯ್ಯ, ಚಿಕ್ಕಪ್ಪ ಪುನ್ನಮಯ್ಯ. ಪೊನ್ನ ಕವಿಯಿಂದ ಶಾಂತಿಪುರಾಣ ಬರೆಸಿದವರು ಅವರು. ಆಕೆಯ ಗಂಡ ನಾಗದೇವ, ಚಾಲುಕ್ಯ ತೈಲಪನ ಕಡೆಯ ಸೇನಾನಿ. ಆಗ ಅಚ್ಚಿನ ಯಂತ್ರ ಇರಲಿಲ್ಲ. ಒಂದು ಪುಸ್ತಕ ಬೇಕೆಂದರೆ ಒಬ್ಬ ಕುಳಿತು ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಅಕ್ಷರ ಅಕ್ಷರವಾಗಿ ಕೊರೆಯಬೇಕು, ಮಸಿ ತೀಡಿ ಅಕ್ಷರ ಎದ್ದು ಕಾಣುವಂತೆ ಮಾಡಬೇಕು. ಪ್ರತಿ ಎರಡೋ ಮೂರೋ ಇದ್ದು ಅವಕ್ಕೆ ಹುಳ ಹಿಡಿದರೆ ಕಾವ್ಯವೇ ಹೋಯಿತು. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಜನ ಆಕೆಯನ್ನು ದಾನಚಿಂತಾಮಣಿ ಎಂದು ಕರೆದರು. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಸರೆಯಾದವಳೂ ಆಕೆಯೇ. ರನ್ನ 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಆಕೆಯ ಕಥೆಯನ್ನು ಬರೆದಿದ್ದಾನೆ."

ಇಲ್ಲಿ ಒಂದು ಕ್ಷಣ ನಿಲ್ಲಿಸಿ, ಹಿಂದಿನ ದಿನ ಕೇಳಿದ ಹಿರಿಯರ ಕಡೆಗೆ ತಿರುಗಿದೆ.

"ಗಂಡ ಸತ್ತಾಕಿ ಅಂತ ಕೆಲವರಿಗೆ ಮನಸ್ಸು ಹಿಂಜರಿದಿದೆ. ಹೌದು, ನಾಗದೇವ ಯುದ್ಧದಲ್ಲಿ ಮಡಿದ. ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆಯೂ ನಾಗದೇವನ ಹೆಂಡತಿ. ಆಕೆ ಗಂಡನೊಂದಿಗೆ ಪ್ರಾಣ ಬಿಟ್ಟಳು. ಅತ್ತಿಮಬ್ಬೆ ಉಳಿದಳು. ಮಗ ಅಣ್ಣಿಗದೇವನನ್ನು ಬೆಳೆಸಿದಳು. ಲಕ್ಕುಂಡಿಯ ಬಸದಿ ಎದ್ದದ್ದು ಆ ನಂತರ. 1007ರ ಶಾಸನ ಇವತ್ತಿಗೂ ಅಲ್ಲಿದೆ, ಹೋಗಿ ನೋಡಬಹುದು. ಗಂಡನ ಸಾವಿನೊಂದಿಗೆ ಹೆಣ್ಣಿನ ಬದುಕು ಮುಗಿಯಿತು ಎನ್ನುತ್ತಿದ್ದ ಕಾಲದಲ್ಲಿ ಆಕೆ ಬದುಕಿ ಕೆಲಸ ಮಾಡಿದಳು. ಈ ಹೆಸರಿನಲ್ಲಿ ಅಮಂಗಳ ನನಗೆ ಕಾಣುವುದಿಲ್ಲ. ಕಷ್ಟ ಬಂದರೂ ನಮ್ಮ ಕೂಸು ಬಾಳಬೇಕು ಎಂಬುದೇ ನಮ್ಮ ಮೊದಲ ಆಸೆ."

ಹಿರಿಯರು ಏನೂ ಹೇಳಲಿಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ ನನ್ನ ಪಕ್ಕ ಬಂದು ಕುಳಿತು, ಗುಂಡಮಬ್ಬೆಯ ಬಗ್ಗೆ ಎರಡು ಪ್ರಶ್ನೆ ಕೇಳಿದರು.

ಆಸೆಗಳನ್ನು ಹೇಳುವ ಭಾಗದಲ್ಲಿಯೇ ಹೆಚ್ಚಿನವರು ಎಡವುವುದು. ಡಾಕ್ಟರಾಗಲಿ, ಐಎಎಸ್ ಪಾಸಾಗಲಿ, ಮನೆತನಕ್ಕೆ ಹೆಸರು ತರಲಿ ಎಂದು ಹೊರೆ ಹೊರಿಸುತ್ತಾರೆ. ಹತ್ತಿಪ್ಪತ್ತು ವರ್ಷದ ನಂತರ ಆ ವಿಡಿಯೊ ನೋಡುವ ಮಗುವಿಗೆ ಅದು ಸಾಲದ ಪತ್ರದ ಹಾಗೆ ಕಾಣಬಾರದು. ಹಾಗಾಗಿ ನಾನು ಹೇಳಿದ ಎರಡನೆಯ ಆಸೆ ಯಾವ ಉದ್ಯೋಗದಲ್ಲಿದ್ದರೂ ನಡೆಸಬಹುದಾದಂಥದು: "ಅತ್ತಿಮಬ್ಬೆ ಕಾವ್ಯ ಬರೆದವಳಲ್ಲ. ಬೇರೆಯವರು ಬರೆದದ್ದು ಅಳಿಯದಂತೆ, ಬೇರೆಯವರ ಕೈಗೆ ಸಿಗುವಂತೆ ಮಾಡಿದಳು. ನಮ್ಮ ಅಬ್ಬೆ ತನಗೆ ಗೊತ್ತಿರುವುದನ್ನು ಮುಚ್ಚಿಡದೆ ಹಂಚಲಿ."

ಅಬ್ಬೆ ಎಂದದ್ದಕ್ಕೂ ಕಾರಣವಿದೆ. ಇಷ್ಟುದ್ದದ ಹೆಸರನ್ನು ಯಾರೂ ಪೂರ್ತಿ ಕರೆಯುವುದಿಲ್ಲ. ಸುಮ್ಮನೆ ಬಿಟ್ಟರೆ 'ಅತ್ತಿ' ಎಂದು ತುಂಡಾಗುತ್ತದೆ. ನಮ್ಮ ಕಡೆ ಅತ್ತೆಯನ್ನೇ ಅತ್ತಿ ಎನ್ನುವುದರಿಂದ ಶಾಲೆಯಲ್ಲಿ ಕೂಸು ದಿನಾ ಹಂಗಿಸಿಕೊಳ್ಳಬೇಕಾಗುತ್ತದೆ. ಹೆಣ್ಣುಮಗುವನ್ನು 'ಯವ್ವಾ' ಎಂದು ಮುದ್ದಿಸುವ ಊರಲ್ಲಿ ತಾಯಿ ಎಂಬ ಅರ್ಥದ 'ಅಬ್ಬೆ' ಒಗ್ಗಿಹೋಗುತ್ತದೆ. ಅದನ್ನು ಮೈಕಿನಲ್ಲೇ ಹೇಳಿ ಎಲ್ಲರ ಬಾಯಿಂದಲೂ ಒಮ್ಮೆ ಕರೆಸಿದೆವು. ಕರೆಯುವ ಹೆಸರನ್ನು ಮನೆಯವರು ಅಂದೇ ಗಟ್ಟಿ ಮಾಡದಿದ್ದರೆ ಓಣಿಯವರು ಮಾಡಿಬಿಡುತ್ತಾರೆ.

ಕೊನೆಗೆ ಕೂಸಿಗೇ ಒಂದು ಮಾತು ಹೇಳಿದೆ: "ದೊಡ್ಡವಳಾದ ಮೇಲೆ ಈ ಹೆಸರು ನಿನಗೆ ಹಿಡಿಸದಿದ್ದರೆ ಬದಲಿಸಿಕೋ, ನಮ್ಮಲ್ಲಿ ಯಾರೂ ನೊಂದುಕೊಳ್ಳುವುದಿಲ್ಲ." ಇದು ಒಂದಿಬ್ಬರಿಗೆ ಹಿತವಾಗಲಿಲ್ಲ. ಕೊಡುವಾಗಲೇ ವಾಪಸಿನ ಮಾತೇಕೆ ಎಂದರು. ಆರಿಸುವ ಅವಕಾಶವಿಲ್ಲದ ಕೂಸಿಗೆ ನಾವು ಹೆಸರು ಕೊಟ್ಟಿದ್ದೇವೆ, ಅಷ್ಟು ಬಿಡುವು ಅವಳಿಗೆ ಸಲ್ಲಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉಳಿದದ್ದು ಕಾಗದದ ಕೆಲಸ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನ್ಮದಿನದ ಆಧಾರವಾಗಿ ಜನನ ಪ್ರಮಾಣಪತ್ರವೇ ಬೇಕಾಗಿರುವುದರಿಂದ ಅಲ್ಲಿ ಬಿದ್ದ ಕಾಗುಣಿತ ಮುಂದೆಲ್ಲ ಬರುತ್ತದೆ. ತಮ್ಮ ಆತುರಪಡಲಿಲ್ಲ. ಕನ್ನಡದಲ್ಲಿ ತಕಾರಕ್ಕೂ ಬಕಾರಕ್ಕೂ ಒತ್ತು ಇರಬೇಕು, ಇಂಗ್ಲಿಷಿನಲ್ಲಿ ಎರಡು ಟಿ, ಎರಡು ಬಿ ಇರಬೇಕು ಎಂದು ದೊಡ್ಡ ಅಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಂಡು, ತೊಟ್ಟಿಲಾದ ಮರುವಾರ ಕಚೇರಿಗೆ ಹೋಗಿ ಹೆಸರು ಸೇರಿಸಿ ಬಂದ.