ಒಂದು ‘ಎ’ ಬಿಟ್ಟರೆ ಏನಾಗುತ್ತದೆ?

ಬೆಂಗಳೂರಿನ ಕಚೇರಿಯೊಂದರಿಂದ ಹೊರದೇಶದ ಗ್ರಾಹಕರಿಗೆ ಇಂಥದೊಂದು ಇಮೇಲ್ ಹೋಯಿತು ಎಂದುಕೊಳ್ಳಿ: ‘ವಿ ಹ್ಯಾವ್ ಫ್ಯೂ ಕ್ವೆಶ್ಚನ್ಸ್. ಫ್ಯೂ ಸ್ಕ್ರೀನ್ಸ್ ಆರ್ ನಾಟ್ ಓಪನಿಂಗ್. ವಿ ನೀಡ್ ಲಿಟಲ್ ಟೈಮ್ ಟು ಫಿಕ್ಸ್ ದಿಸ್. ಪ್ಲೀಸ್ ಗಿವ್ ಅಸ್ ಫ್ಯೂ ಡೇಸ್.’

ಬರೆದವರ ಮನಸ್ಸಿನಲ್ಲಿದ್ದದ್ದು ಸ್ಪಷ್ಟ. ನಮಗೆ ಒಂದಷ್ಟು ಪ್ರಶ್ನೆಗಳಿವೆ, ಕೆಲವು ಸ್ಕ್ರೀನ್‌ಗಳು ತೆರೆಯುತ್ತಿಲ್ಲ, ಇದನ್ನು ಸರಿಮಾಡಲು ಸ್ವಲ್ಪ ಸಮಯ ಬೇಕು, ಒಂದೆರಡು ದಿನ ಕೊಡಿ. ಓದಿದವರಿಗೆ ತಲುಪುವುದು ಬೇರೆಯೇ. ಮೊದಲ ಸಾಲಿನ ಅರ್ಥ, ನಮಗೆ ಕೇಳುವಂಥದ್ದು ಹೆಚ್ಚೇನೂ ಇಲ್ಲ. ಎರಡನೆಯದು, ತೆರೆಯದ ಸ್ಕ್ರೀನ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ದೂರಾಗಬೇಕಿದ್ದ ಮಾತು ಹೊಗಳಿಕೆಯಾಯಿತು. ಮೂರನೆಯದು, ಸರಿಪಡಿಸಲು ನಮಗೆ ಸಮಯವೇ ಹೆಚ್ಚು ಬೇಡ. ಇಷ್ಟು ಓದಿದವರು ನಾಲ್ಕನೇ ಸಾಲಿಗೆ ಬಂದು ತಡವರಿಸುತ್ತಾರೆ. ಸಮಯ ಬೇಡ ಎಂದವರು ದಿನಗಳನ್ನು ಯಾಕೆ ಕೇಳುತ್ತಿದ್ದಾರೆ?

ನಾಲ್ಕು ಸಾಲಿನಲ್ಲೂ ಬಿಟ್ಟುಹೋಗಿರುವುದು ಒಂದೇ ಒಂದು ಅಕ್ಷರದ ಪದ, ‘ಎ’. ಬೇರೆ ಕಡೆ ಈ ಆರ್ಟಿಕಲ್ ಬಿಟ್ಟರೆ ಇಂಗ್ಲಿಷ್ ಸ್ವಲ್ಪ ಒರಟಾಗಿ ಕೇಳಿಸುತ್ತದೆ, ಆದರೆ ಸಾಮಾನ್ಯವಾಗಿ ಅರ್ಥ ಕೆಡುವುದಿಲ್ಲ. ‘ಹಿ ಈಸ್ ಡಾಕ್ಟರ್’ ಎಂದರೂ ಅವರು ವೈದ್ಯರು ಎಂಬುದು ತಿಳಿಯುತ್ತದೆ. ‘ಫ್ಯೂ’, ‘ಲಿಟಲ್’ ಎಂಬ ಈ ಎರಡು ಪದಗಳ ಮುಂದೆ ಮಾತ್ರ ಹಾಗಲ್ಲ. ಇಲ್ಲಿ ಬಿಟ್ಟರೆ ವ್ಯಾಕರಣ ಕೆಡುವುದಿಲ್ಲ, ಅರ್ಥ ಬದಲಾಗುತ್ತದೆ. ಕಂಪ್ಯೂಟರ್‌ನ ವ್ಯಾಕರಣ ತಪಾಸಣೆ ಹಲವು ಸಲ ಸುಮ್ಮನಿರುವುದೂ ಇದಕ್ಕೇ. ‘ವಿ ಹ್ಯಾವ್ ಫ್ಯೂ ಕ್ವೆಶ್ಚನ್ಸ್’ ಎಂಬುದು ಅಪ್ಪಟ ಸರಿಯಾದ ಇಂಗ್ಲಿಷ್ ವಾಕ್ಯವೇ. ನೀವು ಹೇಳಹೊರಟ ವಾಕ್ಯ ಅದಲ್ಲ, ಅಷ್ಟೆ.

ಶಾಲೆಯಲ್ಲಿ ಇದನ್ನು ಕಲಿಸಿಯೇ ಇರುತ್ತಾರೆ. ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಬಿಟ್ಟಸ್ಥಳ ತುಂಬಿದವರಿಗೆ ಸೂತ್ರವೂ ನೆನಪಿರುತ್ತದೆ: ‘ಫ್ಯೂ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು, ‘ಎ ಫ್ಯೂ’ ಎಂದರೆ ಕೆಲವು. ಎಣಿಸುವಂಥವಕ್ಕೆ ‘ಫ್ಯೂ’, ನೀರು, ಹಣ, ಸಮಯದಂಥ ಎಣಿಸಲಾಗದವಕ್ಕೆ ‘ಲಿಟಲ್’. ಸೂತ್ರದಲ್ಲಿ ತಪ್ಪಿಲ್ಲ. ಆದರೆ ಅದನ್ನು ಕಲಿತವರು ಸಾಮಾನ್ಯವಾಗಿ ಇದು ಸಂಖ್ಯೆಯ ವಿಚಾರ ಎಂದುಕೊಳ್ಳುತ್ತಾರೆ. ‘ಫ್ಯೂ’ ಅಂದರೆ ಎರಡು ಮೂರು, ‘ಎ ಫ್ಯೂ’ ಅಂದರೆ ನಾಲ್ಕು ಐದು, ಹೀಗೆ. ಗೊಂದಲ ಶುರುವಾಗುವುದು ಅಲ್ಲಿಂದಲೇ.

300 ಕುರ್ಚಿಗಳ ಸಭಾಂಗಣದಲ್ಲಿ ಒಂದು ಉಪನ್ಯಾಸ. ಬಂದವರು ಐದು ಜನ. ಕುರ್ಚಿಗಳಿಗೆ ಬಾಡಿಗೆ ತೆತ್ತ ಸಂಘಟಕರು ‘ಫ್ಯೂ ಪೀಪಲ್ ಕೇಮ್’ ಎನ್ನುತ್ತಾರೆ. ಉಪನ್ಯಾಸಕರು ಮನೆಗೆ ಹೋಗಿ, ‘ಎ ಫ್ಯೂ ಪೀಪಲ್ ಕೇಮ್’, ಒಳ್ಳೆಯ ಪ್ರಶ್ನೆ ಕೇಳಿದರು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳಲಿಲ್ಲ, ಇಬ್ಬರೂ ಎಣಿಸಿದ್ದು ಅದೇ ಐದು ತಲೆಗಳನ್ನು. ಸಂಘಟಕರು ನಿರೀಕ್ಷೆಯಿಂದ ಕೆಳಗೆ ಅಳೆದರು, ಎಷ್ಟು ಕೊರತೆಯಾಯಿತು ಎಂದು ನೋಡಿದರು. ಉಪನ್ಯಾಸಕರು ಸೊನ್ನೆಯಿಂದ ಮೇಲೆ ಅಳೆದರು, ಯಾರೂ ಬರದೇ ಇರಲಿಲ್ಲವಲ್ಲ ಎಂದು ನೋಡಿದರು. ‘ಎ’ ಮಾಡುವ ಕೆಲಸ ಇಷ್ಟೇ: ಅಳತೆಯ ದಿಕ್ಕನ್ನು ತಿರುಗಿಸುತ್ತದೆ. ಅದಿದ್ದರೆ ‘ಇದೆ’ ಎಂಬ ಕಡೆಗೆ ಒತ್ತು, ಇಲ್ಲದಿದ್ದರೆ ‘ಇಲ್ಲ’ ಎಂಬ ಕಡೆಗೆ.

ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹಾಗಾಗಿ ನಮಗಿದು ಕಷ್ಟ ಎನ್ನುವುದು ರೂಢಿ. ಅದು ಅರ್ಧ ಮಾತ್ರ ನಿಜ. ಇದೇ ಎರಡು ದಿಕ್ಕಿನ ಲೆಕ್ಕವನ್ನು ನಾವು ದಿನವೂ ಮಾಡುತ್ತೇವೆ, ಪದದ ಜಾಗ ಬದಲಿಸಿ. ‘ಸ್ವಲ್ಪ ಹಾಲಿದೆ’ ಎಂದರೆ ಕಾಫಿ ಮಾಡಬಹುದು. ‘ಹಾಲಿರೋದೇ ಸ್ವಲ್ಪ’ ಎಂದರೆ ಅಂಗಡಿಗೆ ಹೋಗಬೇಕು. ಮೊದಲನೆಯದು ‘ಎ ಲಿಟಲ್ ಮಿಲ್ಕ್’, ಎರಡನೆಯದು ‘ಲಿಟಲ್ ಮಿಲ್ಕ್’. ‘ಕೆಲವರು ಬಂದಿದ್ದರು’ ಎಂಬುದು ‘ಎ ಫ್ಯೂ’. ‘ಬಂದವರೇ ಕಡಿಮೆ’ ಎಂಬುದು ‘ಫ್ಯೂ’. ಕನ್ನಡ ಈ ವ್ಯತ್ಯಾಸವನ್ನು ಇಡೀ ವಾಕ್ಯದಲ್ಲಿ ಹರಡಿ ಹೇಳುತ್ತದೆ, ಇಂಗ್ಲಿಷ್ ಅದನ್ನು ಒಂದು ಅಕ್ಷರಕ್ಕೆ ಒಪ್ಪಿಸಿದೆ. ನಾವು ಇಂಗ್ಲಿಷಿನಲ್ಲಿ ಮಾತಾಡುವಾಗ ‘ಕೆಲವು’ ಬಂದಲ್ಲೆಲ್ಲ ‘ಫ್ಯೂ’, ‘ಸ್ವಲ್ಪ’ ಬಂದಲ್ಲೆಲ್ಲ ‘ಲಿಟಲ್’ ಇಟ್ಟುಬಿಡುತ್ತೇವೆ. ದಿಕ್ಕು ಹೇಳುವ ಅಕ್ಷರ ಅಲ್ಲೇ ಉದುರಿಹೋಗುತ್ತದೆ.

ಇನ್ನೂ ಹತ್ತಿರದ ಸಹಾಯವೊಂದು ನಮ್ಮ ಮಾತಿನಲ್ಲೇ ಇದೆ. ಇಂಗ್ಲಿಷಿನ ‘ಎ’ ಹುಟ್ಟಿದ್ದು ಆ ಭಾಷೆಯ ‘ಒಂದು’ ಎಂಬ ಪದದಿಂದ. ಕನ್ನಡದ ‘ಒಂಚೂರು’, ‘ಒಂದಿಷ್ಟು’, ‘ಒಂದಷ್ಟು ಜನ’ ಇವುಗಳಲ್ಲಿ ಕೂತಿರುವುದೂ ‘ಒಂದು’ವೇ. ‘ಒಂಚೂರು ಉಪ್ಪು ಹಾಕಿ’ ಎನ್ನುವಾಗ ನಾವು ಒಂದನ್ನು ಎಣಿಸುತ್ತಿಲ್ಲ. ಅಳತೆ ಗೊತ್ತಿಲ್ಲದ ಒಂದು ಪಾಲನ್ನು ಒಟ್ಟಾಗಿ ಹಿಡಿದು ಕೊಡಿ ಎನ್ನುತ್ತಿದ್ದೇವೆ. ಆದ್ದರಿಂದ ಬರೆಯುವಾಗ ಹೀಗೆ ಪರೀಕ್ಷಿಸಿ: ನಿಮ್ಮ ವಾಕ್ಯವನ್ನು ಕನ್ನಡದಲ್ಲಿ ಹೇಳಿ, ‘ಒಂಚೂರು’ ಅಥವಾ ‘ಒಂದಷ್ಟು’ ಸಲೀಸಾಗಿ ಕೂತರೆ ಇಂಗ್ಲಿಷಿನಲ್ಲಿ ‘ಎ’ ಬೇಕು. ಬದಲಿಗೆ ‘ಹೆಚ್ಚೇನೂ ಇಲ್ಲ’, ‘ಕಡಿಮೆಯೇ’ ಎಂಬ ಮಾತು ಬಾಯಿಗೆ ಬಂದರೆ ‘ಎ’ ಬೇಡ. ‘ಒಂಚೂರೂ ಇಲ್ಲ’ ಎನ್ನುವುದು ಮಾತ್ರ ಈ ಪರೀಕ್ಷೆಯ ಹೊರಗಿನದು. ಅದು ಪೂರ್ತಿ ಇಲ್ಲ ಎನ್ನುವ ಮಾತು. ‘ಲಿಟಲ್’ ಅಷ್ಟು ದೂರ ಹೋಗುವುದಿಲ್ಲ, ಇಲ್ಲದಿರುವಿಕೆಯ ಹೊಸ್ತಿಲಲ್ಲಿ ನಿಲ್ಲುತ್ತದೆ.

ಏನನ್ನಾದರೂ ಕೇಳುವಾಗ ಈ ಪರೀಕ್ಷೆಯೂ ಬೇಕಿಲ್ಲ. ಕೊಡಿ, ಕಾಯಿರಿ, ಸಹಾಯ ಮಾಡಿ ಎನ್ನುವ ವಾಕ್ಯದಲ್ಲಿ ‘ಎ’ ಇರಲೇಬೇಕು: ‘ಗಿವ್ ಮಿ ಎ ಫ್ಯೂ ಮಿನಿಟ್ಸ್’, ‘ವೇಟ್ ಎ ಲಿಟಲ್’. ಇಲ್ಲದಿರುವುದನ್ನು ಕೊಡಿ ಎಂದು ಯಾರೂ ಕೇಳುವುದಿಲ್ಲವಲ್ಲ. ರಜಾ ಅರ್ಜಿಯಲ್ಲಿ ‘ಐ ನೀಡ್ ಫ್ಯೂ ಡೇಸ್ ಲೀವ್’ ಎಂದು ಬರೆದರೆ ಭಾರತದ ಮ್ಯಾನೇಜರ್ ರಜೆ ಕೊಡುತ್ತಾರೆ, ಏಕೆಂದರೆ ಅವರೂ ಹಾಗೆಯೇ ಬರೆಯುತ್ತಾರೆ. ಈ ರೂಢಿ ನಮ್ಮ ನಡುವೆ ಎಷ್ಟು ಬಲವಾಗಿದೆಯೆಂದರೆ ಅದರೊಳಗೆ ಇರುವವರೆಗೆ ಯಾರಿಗೂ ತೊಂದರೆಯಿಲ್ಲ. ಪತ್ರ ಗಡಿ ದಾಟಿದಾಗ ತೊಂದರೆ. ಬಯೋಡೇಟಾದಲ್ಲಿ ‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯನ್ಸ್ ಇನ್ ಟೆಸ್ಟಿಂಗ್’ ಎಂದು ಬರೆದವರು ತಮ್ಮ ಅನುಭವವನ್ನು ತಾವೇ ಅಲ್ಲಗಳೆದಂತೆ. ಅಲ್ಲಿ ‘ಎ ಲಿಟಲ್’ ಎಂದಿದ್ದರೆ ಸಂದರ್ಶನಕ್ಕೆ ಕರೆಯಲು ಒಂದು ಕಾರಣವಾದರೂ ಇರುತ್ತಿತ್ತು.

ಕೇಳಿಸಿಕೊಳ್ಳುವಾಗ ತೊಡಕು ಬೇರೆ. ಇಂಗ್ಲಿಷರ ಮಾತಿನಲ್ಲಿ ಈ ‘ಎ’ ಬಲು ಕ್ಷೀಣ ಸ್ವರ, ಹಿಂದಿನ ಪದಕ್ಕೆ ಅಂಟಿಕೊಂಡು ಮಾಯವಾಗುತ್ತದೆ. ಅದನ್ನೇ ಹಿಡಿಯಲು ಹೋಗುವುದಕ್ಕಿಂತ ಮುಂದಿನ ಮಾತಿಗೆ ಕಿವಿಗೊಡುವುದು ಲೇಸು. ‘ಫ್ಯೂ’ ಮತ್ತು ‘ಲಿಟಲ್’ ಒಳಗೊಳಗೇ ನಿಷೇಧದ ಪದಗಳು, ಹಾಗಾಗಿ ವಾಕ್ಯದ ಉಳಿದ ಭಾಗ ‘ನಾಟ್’ ಇದ್ದಾಗ ನಡೆದುಕೊಳ್ಳುವಂತೆಯೇ ನಡೆದುಕೊಳ್ಳುತ್ತದೆ. ‘ಫ್ಯೂ ಪೀಪಲ್ ಕೇಮ್’ ಎಂದವರು ಕೊನೆಗೆ ‘ಡಿಡ್ ದೇ?’ ಎಂದು ಸೇರಿಸುತ್ತಾರೆ. ‘ಎ ಫ್ಯೂ ಪೀಪಲ್ ಕೇಮ್’ ಎಂದವರು ‘ಡಿಡಂಟ್ ದೇ?’ ಎನ್ನುತ್ತಾರೆ. ನಮ್ಮ ‘ಅಲ್ವಾ?’ ಎರಡಕ್ಕೂ ಸಲ್ಲುವುದರಿಂದ ಈ ಸುಳಿವು ನಮ್ಮ ಗಮನಕ್ಕೆ ಬರುವುದಿಲ್ಲ. ಹಾಗೆಯೇ ‘ಫ್ಯೂ, ಇಫ್ ಎನಿ’ ಎಂಬ ಜೋಡಣೆ. ಬಹಳ ಕಡಿಮೆ, ಒಂದೂ ಇಲ್ಲದೆಯೂ ಇರಬಹುದು ಎಂದು ಅದರ ಅರ್ಥ. ‘ಎ ಫ್ಯೂ’ ಜೊತೆ ‘ಇಫ್ ಎನಿ’ ಬರುವುದಿಲ್ಲ, ಏಕೆಂದರೆ ‘ಎ ಫ್ಯೂ’ ಎಂದಾಗಲೇ ಇವೆ ಎಂದು ಒಪ್ಪಿ ಆಯಿತು.

ಈ ನಿಯಮದ ಅಂಚಿನಲ್ಲಿ ಕೆಲವು ತುಂಟ ಜೋಡಣೆಗಳಿವೆ. ‘ಓನ್ಲಿ ಎ ಫ್ಯೂ’ ಎಂಬಲ್ಲಿ ‘ಎ’ ಇದ್ದರೂ ಧ್ವನಿ ಕೊರತೆಯದೇ, ಆ ಕೆಲಸ ‘ಓನ್ಲಿ’ ಮಾಡುತ್ತದೆ. ‘ಕ್ವೈಟ್ ಎ ಫ್ಯೂ’ ಎಂದರೆ ಕೆಲವು ಅಲ್ಲ, ಸಾಕಷ್ಟು. ಮೊದಲ ಸಲ ಕೇಳಿದವರು ಇದರಲ್ಲಿ ಎಡವದೆ ಇರುವುದು ಅಪರೂಪ. ‘ವೆರಿ ಫ್ಯೂ’, ‘ಟೂ ಫ್ಯೂ’, ‘ಸೋ ಲಿಟಲ್’ ಇವುಗಳ ಅರ್ಥ ತೀರಾ ಕಡಿಮೆ ಎಂದೇ ಆದ್ದರಿಂದ ಸಾಮಾನ್ಯವಾಗಿ ‘ಎ’ ಬೇಡ. ಇನ್ನು ‘ದ ಲಾಸ್ಟ್ ಫ್ಯೂ ಡೇಸ್’, ‘ಎವ್ರಿ ಫ್ಯೂ ಅವರ್ಸ್’ ಎಂಬಲ್ಲಿ ‘ಎ’ ಇಲ್ಲ, ಕೊರತೆಯ ಅರ್ಥವೂ ಇಲ್ಲ. ‘ದ’, ‘ಎವ್ರಿ’, ‘ಮೈ’ಯಂಥ ಪದಗಳು ‘ಎ’ ಕೂರಬೇಕಾದ ಜಾಗವನ್ನೇ ಹಿಡಿದುಬಿಟ್ಟಿವೆ. ಆಯ್ಕೆ ಇಲ್ಲದ ಕಡೆ ಬಿಟ್ಟದ್ದಕ್ಕೆ ಅರ್ಥ ಹುಟ್ಟುವುದಿಲ್ಲ.

‘ಲಿಟಲ್’ಗೆ ಮಾತ್ರ ಇನ್ನೊಂದು ಮುಖವಿದೆ. ಎಣಿಸುವ ವಸ್ತುವಿನ ಮುಂದೆ ಬಂದರೆ ಅದು ಗಾತ್ರವನ್ನು ಹೇಳುತ್ತದೆ: ‘ಎ ಲಿಟಲ್ ಹೌಸ್’ ಎಂದರೆ ಪುಟ್ಟ ಮನೆ. ಎಣಿಸುವುದು ಯಾವುದು ಎಂಬಲ್ಲೂ ಎರಡು ಭಾಷೆಗಳ ಲೆಕ್ಕ ಒಂದೇ ಅಲ್ಲ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು ಎನ್ನಬಹುದು. ಇಂಗ್ಲಿಷಿನಲ್ಲಿ ಅಡ್ವೈಸ್, ಇನ್‌ಫರ್ಮೇಶನ್ ಎರಡೂ ಎಣಿಕೆಗೆ ಸಿಗದವು, ಆದ್ದರಿಂದ ಅವಕ್ಕೆ ‘ಎ ಲಿಟಲ್’ ಸರಿ, ‘ಎ ಫ್ಯೂ’ ತಪ್ಪು.

ಮೊದಲಿನ ಇಮೇಲನ್ನು ಈಗ ತಿದ್ದುವುದು ಸುಲಭ: ‘ವಿ ಹ್ಯಾವ್ ಎ ಫ್ಯೂ ಕ್ವೆಶ್ಚನ್ಸ್. ಎ ಫ್ಯೂ ಸ್ಕ್ರೀನ್ಸ್ ಆರ್ ನಾಟ್ ಓಪನಿಂಗ್. ವಿ ನೀಡ್ ಎ ಲಿಟಲ್ ಟೈಮ್ ಟು ಫಿಕ್ಸ್ ದಿಸ್. ಪ್ಲೀಸ್ ಗಿವ್ ಅಸ್ ಎ ಫ್ಯೂ ಡೇಸ್.’ ತೆರೆಯದ ಸ್ಕ್ರೀನ್‌ಗಳು ಎಷ್ಟೆಂದು ಗೊತ್ತಿದ್ದರೆ ಆ ಸಂಖ್ಯೆಯನ್ನೇ ಬರೆಯುವುದು ಇನ್ನೂ ಒಳ್ಳೆಯದು.

ನಿಜವಾಗಿಯೂ ಕೊರತೆಯನ್ನೇ ಹೇಳಬೇಕಾದಾಗಲೂ ಬರೀ ‘ಫ್ಯೂ’, ‘ಲಿಟಲ್’ ಬಳಸುವ ಅಗತ್ಯ ಕಡಿಮೆ. ಆಡುಮಾತಿನ ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಫ್ಯೂ ಫ್ರೆಂಡ್ಸ್’ ಎನ್ನುವುದು ಬಲು ಗ್ರಾಂಥಿಕ. ಜನ ‘ಐ ಡೋಂಟ್ ಹ್ಯಾವ್ ಮೆನಿ ಫ್ರೆಂಡ್ಸ್’ ಎನ್ನುತ್ತಾರೆ, ‘ಲಿಟಲ್ ಟೈಮ್’ ಬದಲು ‘ನಾಟ್ ಮಚ್ ಟೈಮ್’ ಎನ್ನುತ್ತಾರೆ. ನೀವೂ ಹಾಗೇ ಮಾಡಿ. ಕೊರತೆಗೆ ‘ನಾಟ್ ಮೆನಿ’, ‘ನಾಟ್ ಮಚ್’ ಮೀಸಲಿಟ್ಟರೆ, ನಿಮ್ಮ ಪತ್ರದಲ್ಲಿ ಕಾಣುವ ಬೋಳು ‘ಫ್ಯೂ’ ಮತ್ತು ‘ಲಿಟಲ್’ ಬಹುಪಾಲು ‘ಎ’ ಬಿಟ್ಟುಹೋದವೇ ಆಗಿರುತ್ತವೆ. ಕಳುಹಿಸುವ ಮುನ್ನ ಅವೆರಡನ್ನು ಹುಡುಕಿ, ಅವುಗಳ ಮುಂದೆ ‘ಎ’ ಇದೆಯೇ ಎಂದು ನೋಡಿ.