ಜಾರುಬಂಡೆಯ ಕೆಳಗಿನ ರಬ್ಬರು

ಶಾಲೆಯ ಆಟದ ಅಂಗಳಕ್ಕೆ ರಬ್ಬರ್ ಹಾಸು ಹಾಕಿಸಬೇಕೆಂದು ಕೊಟೇಶನ್ ಕೇಳಿದರೆ ಬರುವುದು ಹೆಚ್ಚಾಗಿ ಒಂದೇ ಹಾಳೆ. ಚದರಡಿಗೆ ಇಷ್ಟು ದರ, ಜಿಎಸ್‌ಟಿ ಬೇರೆ, ದಪ್ಪ 25 ಎಂಎಂ, ಕೆಂಪು-ಹಸಿರು-ನೀಲಿ ಬಣ್ಣಗಳಲ್ಲಿ ಸಿಗುತ್ತದೆ. ಕೊನೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿ: ‘ಸರ್ಟಿಫೈಡ್ ಸೇಫ್ಟಿ ಟೈಲ್’. ಯಾರು ಸರ್ಟಿಫೈ ಮಾಡಿದರು, ಯಾವುದಕ್ಕೆ ಸೇಫ್ಟಿ ಎಂಬುದು ಮಾತ್ರ ಆ ಹಾಳೆಯಲ್ಲಿ ಇರುವುದಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಇಂಥದೊಂದು ಶಾಲೆ ಇದೆ ಎಂದಿಟ್ಟುಕೊಳ್ಳೋಣ. ಅಂಗಳದಲ್ಲಿ ಒಂದು ಜಾರುಬಂಡೆ, ಹತ್ತಿ ಇಳಿಯುವ ಒಂದು ಕಬ್ಬಿಣದ ಚೌಕಟ್ಟು, ಕೆಳಗೆ ಸಿಮೆಂಟು ನೆಲ. ಪ್ರಾಂಶುಪಾಲರು ಸಹಿ ಹಾಕುವ ಮೊದಲು ಅಟೆಂಡರ್ ಕೈಗೆ ಅಳತೆ ಟೇಪು ಕೊಟ್ಟು ಕಳಿಸುತ್ತಾರೆ. ಜಾರುಬಂಡೆಯ ಮೇಲೆ ಮಕ್ಕಳು ನಿಲ್ಲುವ ಕಟ್ಟೆ ನೆಲದಿಂದ 1.8 ಮೀಟರ್, ಕಬ್ಬಿಣದ ಚೌಕಟ್ಟಿನ ಮೇಲ್ಕಂಬಿ 1.5 ಮೀಟರ್. ಈ ಎರಡು ಅಂಕಿ ಕೈಗೆ ಬಂದ ಮೇಲೆ ಅವರು ಪೂರೈಕೆದಾರರಿಗೆ ಒಂದು ಪತ್ರ ಬರೆಯುತ್ತಾರೆ.

“ಮಾನ್ಯರೇ, ನಿಮ್ಮ ಕೊಟೇಶನ್ ತಲುಪಿದೆ. ನಮ್ಮ ಅಂಗಳದಲ್ಲಿ ಮಗು ಬೀಳಬಹುದಾದ ಗರಿಷ್ಠ ಎತ್ತರ 1.8 ಮೀಟರ್. ನೀವು ಕೊಡಲಿರುವ ಟೈಲ್ ಎಷ್ಟು ಎತ್ತರದ ಬೀಳುವಿಕೆಯವರೆಗೆ ಪರೀಕ್ಷೆಗೆ ಒಳಪಟ್ಟಿದೆ, ಯಾವ ದಪ್ಪದ ಮಾದರಿಯ ಮೇಲೆ, ಯಾವ ನೆಲದ ಮೇಲಿಟ್ಟು, ಯಾವ ಪ್ರಯೋಗಾಲಯದಲ್ಲಿ ಎಂಬುದನ್ನು ತಿಳಿಸಿ. ಪ್ರಮಾಣಪತ್ರದ ಜೊತೆಗೆ ಪರೀಕ್ಷಾ ವರದಿಯ ಎಲ್ಲ ಪುಟಗಳನ್ನೂ ಕಳಿಸಬೇಕಾಗಿ ಕೋರುತ್ತೇನೆ.”

ನಾಲ್ಕು ಸಾಲಿನ ಪತ್ರ. ಅದರಲ್ಲಿ ಪ್ರತಿ ಪ್ರಶ್ನೆಗೂ ಒಂದು ಕಾರಣವಿದೆ.

1.8 ಮೀಟರ್ ಎತ್ತರದಿಂದ ಜಾರಿದ ಮಗು ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 21 ಕಿಲೋಮೀಟರ್. ಹಾಸು ಈ ವೇಗವನ್ನು ಕಡಿಮೆ ಮಾಡುವುದಿಲ್ಲ. ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಎಂಬುದನ್ನು ಮಾತ್ರ ಬದಲಿಸುತ್ತದೆ. ಹಾಸು ಎರಡು ಸೆಂಟಿಮೀಟರ್ ಒಳಕ್ಕೆ ಕುಗ್ಗಿ ತಲೆಯನ್ನು ತಡೆದರೆ, ತಲೆಯ ಮೇಲಾಗುವ ಸರಾಸರಿ ಹೊಡೆತ ಗುರುತ್ವಕ್ಕಿಂತ ಸುಮಾರು 90 ಪಟ್ಟು. ಸಿಮೆಂಟಿನ ಮೇಲೆ ಮೂರು ಮಿಲಿಮೀಟರ್‌ನಲ್ಲೇ ತಲೆ ನಿಂತುಬಿಟ್ಟರೆ ಅದೇ ಹೊಡೆತ 600 ಪಟ್ಟು. 25 ಎಂಎಂ ಟೈಲು ಎರಡು ಸೆಂಟಿಮೀಟರ್ ಕುಗ್ಗಬೇಕಾದರೆ ಹೆಚ್ಚುಕಡಿಮೆ ಪೂರ್ತಿ ಅಪ್ಪಚ್ಚಿಯಾಗಬೇಕು. ಅದು ಆಗದ ಮಾತು. ಕಾಲಿಗೆ ಮೆತ್ತಗೆ ಹತ್ತುವ ಟೈಲು ತಲೆಗೆ ಸಾಕಾಗದೆ ಹೋಗುವುದು ಇಲ್ಲಿಯೇ.

ಪರೀಕ್ಷೆ ನಡೆಯುವ ಕ್ರಮ ಸರಳ. 160 ಮಿಲಿಮೀಟರ್ ವ್ಯಾಸದ, 4.6 ಕಿಲೋ ತೂಕದ ಲೋಹದ ಅರೆಗೋಳವೊಂದನ್ನು ಮಗುವಿನ ತಲೆಯ ಬದಲಿಗೆ ಹಾಸಿನ ಮೇಲೆ ಬೀಳಿಸುತ್ತಾರೆ. ಅದರೊಳಗಿನ ಸಂವೇದಕ ಹೊಡೆತದ ತೀವ್ರತೆಯನ್ನೂ ಅದು ಎಷ್ಟು ಹೊತ್ತು ಇತ್ತೆಂಬುದನ್ನೂ ದಾಖಲಿಸುತ್ತದೆ. ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿದ ಅಂಕಿಗೆ ಹೆಚ್‌ಐಸಿ ಎನ್ನುತ್ತಾರೆ. ಕಾರುಗಳ ಡಿಕ್ಕಿ ಪರೀಕ್ಷೆಯಲ್ಲೂ ಬಳಕೆಯಲ್ಲಿರುವ ಅಳತೆ ಇದು. ಅರೆಗೋಳವನ್ನು ಹಂತಹಂತವಾಗಿ ಎತ್ತರಿಸುತ್ತಾ ಹೋಗುತ್ತಾರೆ. ಹೆಚ್‌ಐಸಿ 1000 ಆಗಲಿ, ಹೊಡೆತದ ಗರಿಷ್ಠ ತೀವ್ರತೆ ಗುರುತ್ವದ 200 ಪಟ್ಟಾಗಲಿ, ಯಾವುದು ಮೊದಲು ಮುಟ್ಟುತ್ತದೋ ಆ ಎತ್ತರವೇ ಹಾಸಿನ ‘ಕ್ರಿಟಿಕಲ್ ಫಾಲ್ ಹೈಟ್’. ಯುರೋಪಿನ ಇಎನ್ 1177, ಅಮೆರಿಕದ ಎಎಸ್‌ಟಿಎಂ ಎಫ್ 1292 ಎರಡೂ ನಿಂತಿರುವುದು ಇದೇ ಮಿತಿಗಳ ಮೇಲೆ. ಮಿತಿಯೊಳಗಿದ್ದರೆ ಪೆಟ್ಟೇ ಆಗದೆಂದು ಅರ್ಥವಲ್ಲ. ಪರೀಕ್ಷೆ ನೋಡುವುದು ತಲೆಯನ್ನು ಮಾತ್ರ. ಕೈಯೂರಿ ಬಿದ್ದ ಮಗುವಿನ ಮಣಿಕಟ್ಟಿನ ಎಲುಬು ಒಳ್ಳೆಯ ಹಾಸಿನ ಮೇಲೂ ಮುರಿಯಬಹುದು.

ಪತ್ರಕ್ಕೆ ಉತ್ತರವಾಗಿ ಮೂರು ಕಾಗದ ಬಂದವೆಂದುಕೊಳ್ಳಿ. ಮೊದಲನೆಯದು ಹೊಳೆಯುವ ಮುದ್ರೆಯ ಐಎಸ್ಒ 9001 ಪ್ರಮಾಣಪತ್ರ. ಅದು ಕಾರ್ಖಾನೆಯ ಆಡಳಿತ ಕ್ರಮಬದ್ಧವಾಗಿದೆ ಎನ್ನುತ್ತದೆ, ಟೈಲ್ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಎರಡನೆಯದು ರಬ್ಬರಿನ ಗಡಸುತನ ಮತ್ತು ಎಳೆತ ತಾಳುವ ಶಕ್ತಿಯ ವರದಿ. ಟೈಲು ಎಷ್ಟು ಬಾಳಿಕೆ ಬಂದೀತೆಂದು ಅಂದಾಜಿಸಲು ಅದು ಉಪಯೋಗವಾದೀತು, ಬಿದ್ದ ತಲೆಗೆ ಅದರಿಂದ ಏನೂ ಇಲ್ಲ.

ಮೂರನೆಯದು ಕೆಲಸಕ್ಕೆ ಬರುವ ಕಾಗದ: ಇಎನ್ 1177ರ ಪ್ರಕಾರದ ವರದಿ, ಕ್ರಿಟಿಕಲ್ ಫಾಲ್ ಹೈಟ್ 1.5 ಮೀಟರ್. ಆದರೆ ಒಳಪುಟ ತಿರುವಿದರೆ ಮಾದರಿಯ ದಪ್ಪ 50 ಎಂಎಂ ಎಂದಿದೆ. ಕೊಟೇಶನ್‌ನಲ್ಲಿ ಬರೆದದ್ದು 25. ಅರ್ಧ ದಪ್ಪದ ಟೈಲಿಗೆ ಪೂರ್ತಿ ದಪ್ಪದ ಟೈಲಿನ ವರದಿ ಅನ್ವಯಿಸುವುದಿಲ್ಲ. ಪ್ರತಿ ದಪ್ಪಕ್ಕೂ ಪ್ರತ್ಯೇಕ ವರದಿ ಬೇಕು. ಇನ್ನು 50 ಎಂಎಂ ಟೈಲನ್ನೇ ತರಿಸಿದರೂ ಕಬ್ಬಿಣದ ಚೌಕಟ್ಟಿನ ಕೆಳಗೆ ಅದು ನಡೆದೀತು, 1.8 ಮೀಟರಿನ ಜಾರುಬಂಡೆಯ ಕೆಳಗೆ ನಡೆಯದು. ‘ಎಲ್ಲ ಪುಟಗಳನ್ನೂ ಕಳಿಸಿ’ ಎಂದು ಪತ್ರದಲ್ಲಿ ಕೇಳದಿದ್ದರೆ ಬರುತ್ತಿದ್ದುದು ಮೊದಲ ಪುಟ ಮಾತ್ರ, ದಪ್ಪದ ಸುದ್ದಿ ಅಲ್ಲೇ ಮುಚ್ಚಿಹೋಗುತ್ತಿತ್ತು.

ಯಾವ ನೆಲದ ಮೇಲಿಟ್ಟು ಪರೀಕ್ಷಿಸಿದರು ಎಂಬ ಪ್ರಶ್ನೆಯೂ ಸುಮ್ಮನೆ ಬಂದದ್ದಲ್ಲ. ಅದುಮಿದ ಜಲ್ಲಿಯ ಮೇಲೆ ಪಾಸಾದ ಟೈಲು ಕಾಂಕ್ರೀಟಿನ ಮೇಲೆ ಅದೇ ಫಲಿತಾಂಶ ಕೊಡುತ್ತದೆಂದು ಹೇಳಲಾಗದು. ಇನ್ನು ಪ್ರಯೋಗಾಲಯಕ್ಕೆ ಐಎಸ್ಒ 17025 ಮಾನ್ಯತೆ ಇರಬೇಕು. ಭಾರತದಲ್ಲಿ ಅದನ್ನು ಕೊಡುವುದು ಎನ್‌ಎಬಿಎಲ್. ಮಾನ್ಯತೆ ಇದ್ದರಷ್ಟೇ ಸಾಲದು, ಅದರ ವ್ಯಾಪ್ತಿಯ ಪಟ್ಟಿಯಲ್ಲಿ ಈ ನಿರ್ದಿಷ್ಟ ಪರೀಕ್ಷೆಯ ಹೆಸರು ಇರಬೇಕು. ನೀರಿನ ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬಿನ ಮುದ್ರೆ ರಬ್ಬರ್ ಟೈಲಿನ ವರದಿಯ ಮೇಲಿದ್ದರೆ ಅದಕ್ಕೆ ಬೆಲೆಯಿಲ್ಲ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಮಾನದಂಡ ಒಂದೇ ಮಾದರಿಯನ್ನು ಸುಮಾರು ಮೈನಸ್ 4, 23 ಮತ್ತು 49 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪರೀಕ್ಷಿಸುತ್ತದೆ, ಏಕೆಂದರೆ ರಬ್ಬರಿನ ಗುಣ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಕಡುಬಣ್ಣದ ಟೈಲು ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಸುಡುವಷ್ಟು ಕಾಯುತ್ತದೆ. ವರ್ಷಗಳು ಕಳೆದಂತೆ ಕಣಗಳನ್ನು ಬೆಸೆದ ಅಂಟು ಬಿಗಿಯುತ್ತದೆ, ಅಂಚುಗಳು ಮೇಲೇಳುತ್ತವೆ, ಸಂದುಗಳಲ್ಲಿ ಮಣ್ಣು ತುಂಬಿಕೊಳ್ಳುತ್ತದೆ. ಮಕ್ಕಳು ದಿನವೂ ಇಳಿಯುವ ಜಾರುಬಂಡೆಯ ತುದಿಯಲ್ಲಿ ಹೆಬ್ಬೆರಳಿನಿಂದ ಒತ್ತಿ, ಮೂಲೆಯಲ್ಲಿ ಯಾರೂ ತುಳಿಯದ ಟೈಲನ್ನೂ ಒತ್ತಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಇದು ಪರೀಕ್ಷೆಗೆ ಬದಲಿಯಲ್ಲ, ಪರೀಕ್ಷೆ ಮಾಡಿಸುವ ಹೊತ್ತು ಬಂತೆಂಬ ಸೂಚನೆ.

ಈ ಶಾಲೆಯ ಮುಂದೆ ಈಗ ಮೂರು ದಾರಿಗಳಿವೆ. 1.8 ಮೀಟರಿಗಿಂತ ಹೆಚ್ಚಿನ ಎತ್ತರಕ್ಕೆ ವರದಿಯಿರುವ ಇನ್ನೂ ದಪ್ಪದ ಟೈಲು ತರಿಸುವುದು ಒಂದು. ಜಾರುಬಂಡೆಯನ್ನೇ ಗಿಡ್ಡದ್ದಕ್ಕೆ ಬದಲಾಯಿಸುವುದು ಇನ್ನೊಂದು. ಮೂರನೆಯದು ಹಳೆಯ ಉಪಾಯ, ಮರಳು. ಯುರೋಪಿನ ಇಎನ್ 1176ರ ಪ್ರಕಾರ ಎರಡು ಮೀಟರ್‌ವರೆಗಿನ ಎತ್ತರಕ್ಕೆ 20 ಸೆಂಟಿಮೀಟರ್ ಆಳದ ಮರಳು ಸಾಕು, ಕಾಲಿನಿಂದ ಚದುರಿ ಹೋಗುವುದಕ್ಕೆಂದು ಇನ್ನೂ 10 ಸೆಂಟಿಮೀಟರ್ ಸೇರಿಸಬೇಕು. ಆದರೆ ಅದು ಜೇಡಿ, ಹೂಳು ಇಲ್ಲದ ತೊಳೆದ ಮರಳಾಗಿರಬೇಕು. ಪುಡಿ ಹೆಚ್ಚಿರುವ ಎಂ-ಸ್ಯಾಂಡ್ ಮಳೆಗೆ ನೆನೆದು ಒಣಗಿದರೆ ಗಟ್ಟಿ ಕೂರುತ್ತದೆ. ಪ್ರತಿವಾರ ಕೆದಕಿ ಮಟ್ಟಮಾಡುವ ಆಳು ಬೇಕು, ಬೆಕ್ಕು ನಾಯಿಗಳ ಕಾಟ ಬೇರೆ.

ಪ್ರಾಂಶುಪಾಲರು ಮೊದಲ ದಾರಿಯನ್ನೇ ಹಿಡಿದರೆ, ಅವರ ಎರಡನೆಯ ಪತ್ರ ಖರೀದಿ ಆದೇಶವೇ ಆಗುತ್ತದೆ. ಅದರಲ್ಲಿ ಟೈಲಿನ ದಪ್ಪ, ವರದಿಯ ಸಂಖ್ಯೆ, ಕೆಳಗಿನ ನೆಲದ ವಿವರ, ಜಾರುಬಂಡೆಯ ಸುತ್ತ ಆರಡಿಯವರೆಗೆ ಹಾಸು ಹರಡಬೇಕೆಂಬ ನಕ್ಷೆ ಇರುತ್ತವೆ. ಕೆಳಗೆ ಒಂದು ಷರತ್ತು: “ಹಾಸು ಕೂಡಿಸಿದ ಮೇಲೆ ನಮ್ಮ ಅಂಗಳದಲ್ಲೇ ಪರೀಕ್ಷೆ ಮಾಡಿಸಿ, ಫಲಿತಾಂಶ 1.8 ಮೀಟರಿಗೆ ಹೊಂದಿದ ಬಳಿಕವೇ ಅಂತಿಮ ಕಂತು ಪಾವತಿಸಲಾಗುವುದು.”